ಗೇರು ಮರದ ಚಗಳಿಯನ್ನು ಮಾವಿಗೂ ತರಬಹುದೇ?

ಪ್ರಶ್ನೆ: ಆಲೂರಿನ ಹತ್ತಿರ ನಮ್ಮದು ಎರಡು ಎಕರೆಯ ಚಿಕ್ಕ ತೋಟ. 40 ಗೇರು ಮರ, 25 ಮಾವಿನ ಮರ ಇವೆ. ಹಳ್ಳದ ಕಡೆ ಸ್ವಲ್ಪ ರೋಬಸ್ಟಾ ಕಾಫಿ. ಚಗಳಿ ಇರುವೆಯ ಗೂಡು ಇರುವ ಗೇರು ಮರಗಳು ಚೆನ್ನಾಗಿ ಕಾಯಿ ಬಿಡುತ್ತವೆ, ಇಲ್ಲದ ಮರಗಳ ಚಿಗುರು ಸುಟ್ಟ ಹಾಗೆ ಕಪ್ಪಾಗುತ್ತದೆ. ಆದರೆ ಗೂಡು ಇದ್ದರೂ ನಾಲ್ಕೈದು ಮರ ಸುಟ್ಟಿವೆ. ನನ್ನ ತಮ್ಮ ಕಾಡಿನಿಂದ ಹನ್ನೆರಡು ಗೂಡು ತಂದು ಮಾವಿಗೆ ಕಟ್ಟಿದ. ಎರಡು ತಿಂಗಳಲ್ಲಿ ಒಂದೂ ಉಳಿಯಲಿಲ್ಲ. ಚಗಳಿಯಿಂದಲೇ ಹಿಟ್ಟು ತಿಗಣೆ ಬರೋದು, ಹೂವು ಉದುರೋದು, ಎಲ್ಲವನ್ನೂ ಸಾಯಿಸಿ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಕೊಯ್ಲಿಗೆ ಬರುವವರು ಮರ ಹತ್ತಲ್ಲ ಅನ್ನುತ್ತಾರೆ. ಔಷಧಿ ನಿಲ್ಲಿಸಿ ಚಗಳಿಯನ್ನೇ ನಂಬಬಹುದಾ? ಮಾವಿಗೆ ಹೇಗೆ ತರೋದು?

ಉತ್ತರ: ಗೇರಿನಲ್ಲಿ ನಂಬಬಹುದು. ಆದರೆ ಮರದ ಮೇಲೆ ಗೂಡು ಕಾಣುತ್ತದೆ ಅಂತ ನಂಬುವುದಲ್ಲ, ಇರುವೆ ಸಾಕಷ್ಟು ಇವೆಯಾ ಅಂತ ಎಣಿಸಿ ನೋಡಿ ನಂಬಬೇಕು. ಮಾವಿನಲ್ಲಿ ಅದರ ಸಹಾಯ ಕಡಿಮೆ, ತೊಂದರೆ ಜಾಸ್ತಿ. ಕಾಫಿಯಲ್ಲಂತೂ ಬೇಡವೇ ಬೇಡ. ಒಂದೇ ಇರುವೆ ಮೂರು ಬೆಳೆಯಲ್ಲಿ ಮೂರು ರೀತಿ ಇರುವುದಕ್ಕೆ ಕಾರಣ ಇದೆ. ಅದು ತಿಳಿದರೆ ನಿಮ್ಮ ತೋಟದಲ್ಲಿ ಏನು ಮಾಡಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಗೇರಿನ ವಿಷಯ. ಚಿಗುರು ಸುಟ್ಟ ಹಾಗೆ ಆಗುವುದು ಟೀ ಸೊಳ್ಳೆಯ ಕೆಲಸ. ಹೆಸರು ಸೊಳ್ಳೆ ಆದರೂ ಅದು ತಿಗಣೆ ಜಾತಿಯದು. ಉದ್ದ ಕಾಲು, ಸಣಕಲು ಮೈ. ಎಳೆ ಚಿಗುರು, ಹೂಗೊಂಚಲಿನ ದಂಟು, ಎಳೆ ಕಾಯಿ, ಇವಕ್ಕೆ ಕೊಂಡಿಯಂಥ ಬಾಯಿ ಚುಚ್ಚಿ ರಸ ಹೀರುತ್ತದೆ. ಹೀರುವಾಗ ಬಿಡುವ ಜೊಲ್ಲು ಗಿಡಕ್ಕೆ ವಿಷ. ಚುಚ್ಚಿದ ಜಾಗ ಮೊದಲು ನೀರಲ್ಲಿ ನೆನೆದ ಹಾಗೆ ಕಾಣುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಕಪ್ಪಾಗುತ್ತದೆ. ಒಂದೇ ಹುಳು ಒಂದು ಚಿಗುರಿನಲ್ಲಿ ಹತ್ತಾರು ಕಡೆ ಚುಚ್ಚುತ್ತದೆ. ಕಲೆಗಳು ಒಂದಕ್ಕೊಂದು ಸೇರಿದರೆ ಚಿಗುರು ಪೂರ್ತಿ ಒಣಗುತ್ತದೆ. ಮೋಡದ ದಿನಗಳಲ್ಲಿ ಆ ಗಾಯಗಳಿಗೆ ಶಿಲೀಂಧ್ರ ಸೇರಿ ಹೂಗೊಂಚಲೇ ಕರಟಿಹೋಗುತ್ತದೆ.

ಈ ಹುಳುವಿಗೆ ಎಳೆ ಚಿಗುರೇ ಬೇಕು. ಚಗಳಿಗೂ ಅದೇ ಬೇಕು. ಗೂಡು ಹೆಣೆಯಲು ಬಗ್ಗುವಂಥ ಎಲೆ ಸಿಗುವುದು ಅಲ್ಲೇ. ಕೆಲಸದ ಇರುವೆಗಳು ಎಲೆಗಳನ್ನು ಎಳೆದು ಹಿಡಿಯುತ್ತವೆ, ಉಳಿದವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಆ ಮರಿಗಳು ಬಿಡುವ ರೇಷ್ಮೆ ಎಳೆಯಿಂದ ಎಲೆಗೆ ಎಲೆ ಹೊಲಿಯುತ್ತವೆ. ಇನ್ನೊಂದು ಆಕರ್ಷಣೆಯೂ ಇದೆ. ಗೇರಿನಲ್ಲಿ ಹೂವಿನಲ್ಲಷ್ಟೇ ಅಲ್ಲ, ಎಲೆಯ ಮೇಲೂ ಸಿಹಿ ಒಸರುವ ಸಣ್ಣ ಗ್ರಂಥಿಗಳಿವೆ. ಅದನ್ನು ನೆಕ್ಕಲು ಇರುವೆಗಳು ದಿನವಿಡೀ ಚಿಗುರಿನ ಮೇಲೆ ಓಡಾಡುತ್ತವೆ. ಹೀಗಾಗಿ ಕಳ್ಳ ಬರುವ ಬಾಗಿಲಿನಲ್ಲೇ ಕಾವಲುಗಾರ ಕೂತ ಹಾಗಾಗುತ್ತದೆ. ಟೀ ಸೊಳ್ಳೆಯ ಮರಿಗಳಿಗೆ ರೆಕ್ಕೆ ಇಲ್ಲ, ಅವನ್ನು ಚಗಳಿ ಹಿಡಿದು ಹೊತ್ತೊಯ್ಯುತ್ತದೆ. ರೆಕ್ಕೆ ಬಂದವು ಸಿಗುವುದು ಕಡಿಮೆ. ಆದರೆ ಒಂದು ಕಡೆ ಕೂತು ನೆಮ್ಮದಿಯಾಗಿ ಹೀರಲು, ಮೊಟ್ಟೆ ಇಡಲು ಅವಕ್ಕೆ ಬಿಡುವುದಿಲ್ಲ. ಮೊಟ್ಟೆಯನ್ನು ಮಾತ್ರ ಚಗಳಿ ಏನೂ ಮಾಡಲಾರದು. ಟೀ ಸೊಳ್ಳೆ ಮೊಟ್ಟೆಯನ್ನು ಚಿಗುರಿನ ದಂಟಿನ ಒಳಗೇ ತೂರಿಸಿ ಇಡುತ್ತದೆ.

ಅಂದರೆ ಚಗಳಿಯ ಕಾವಲು ನಿಂತಿರುವುದು ಓಡಾಟದ ಮೇಲೆ. ಒಂದು ಚಿಗುರಿಗೆ ಇರುವೆ ಪದೇ ಪದೇ ಬರುತ್ತಿರಬೇಕು. ಗಂಟೆಗೊಮ್ಮೆ ಒಂದು ಇರುವೆ ಬಂದು ಹೋದರೆ ಟೀ ಸೊಳ್ಳೆಗೆ ಬೇಕಾದಷ್ಟು ಸಮಯ ಸಿಗುತ್ತದೆ. ನಿಮ್ಮ ತೋಟದಲ್ಲಿ ಗೂಡು ಇದ್ದೂ ಸುಟ್ಟ ಆ ನಾಲ್ಕೈದು ಮರಗಳ ಗುಟ್ಟು ಬಹುಶಃ ಇಲ್ಲೇ ಇದೆ.

ಗೂಡಿನ ಲೆಕ್ಕ ನೋಡಿ ಮೋಸ ಹೋಗುವವರು ಬಹಳ. ಒಂದು ಮರದಲ್ಲಿ ಏಳೆಂಟು ಗೂಡು ಕಾಣಬಹುದು, ಅದರಲ್ಲಿ ಅರ್ಧ ಒಣಗಿದ ಖಾಲಿ ಗೂಡು. ಎಲೆ ಒಣಗಿ ಕಂದಾಗುತ್ತಿದ್ದ ಹಾಗೆ ಇರುವೆಗಳು ಹೊಸ ಗೂಡಿಗೆ ಹೋಗಿಬಿಡುತ್ತವೆ. ಅದಕ್ಕೆ ಎಣಿಸಬೇಕಾದ್ದು ಗೂಡನ್ನಲ್ಲ, ಕೊಂಬೆಯ ಮೇಲಿನ ಸಾಲನ್ನು. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ರೆಂಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ ಅನ್ನುವ ವಿಜ್ಞಾನಿಗಳು ಗೇರು ಮತ್ತು ಮಾವಿನ ತೋಟಗಳಲ್ಲಿ ವರ್ಷಗಟ್ಟಲೆ ಇದೇ ಇರುವೆಯ ಮೇಲೆ ಕೆಲಸ ಮಾಡಿದ್ದಾರೆ. ಅವರು ಬಳಸಿದ ಲೆಕ್ಕ ತುಂಬ ಸುಲಭ, ನಮ್ಮ ರೈತರೂ ಮಾಡಬಹುದು.

ಮರದ ಬುಡದಲ್ಲಿ ನಿಂತು ಮುಖ್ಯ ಕೊಂಬೆಗಳನ್ನು ಎಣಿಸಿ. ಪ್ರತಿ ಕೊಂಬೆಯನ್ನೂ ಸ್ವಲ್ಪ ಹೊತ್ತು ನೋಡಿ. ಅದರ ಮೇಲೆ ಹತ್ತಕ್ಕಿಂತ ಜಾಸ್ತಿ ಇರುವೆ ಓಡಾಡುತ್ತಿದ್ದರೆ ಒಂದು ಅಂಕ. ಒಂದರಿಂದ ಹತ್ತು ಇದ್ದರೆ ಅರ್ಧ ಅಂಕ. ಏನೂ ಇಲ್ಲದಿದ್ದರೆ ಸೊನ್ನೆ. ಉದಾಹರಣೆಗೆ ಒಂದು ಮರಕ್ಕೆ ಆರು ಮುಖ್ಯ ಕೊಂಬೆ ಅಂದುಕೊಳ್ಳಿ. ಮೂರರಲ್ಲಿ ದಟ್ಟ ಸಾಲು, ಒಂದರಲ್ಲಿ ಐದಾರು ಇರುವೆ, ಎರಡು ಖಾಲಿ. ಒಟ್ಟು ಮೂರೂವರೆ ಅಂಕ. ಆರಕ್ಕೆ ಮೂರೂವರೆ ಅಂದರೆ ಸುಮಾರು ಶೇ. 58. ಆ ಮರ ಗಟ್ಟಿ. ಪಕ್ಕದ ಮರಕ್ಕೆ ಐದು ಕೊಂಬೆ, ಒಂದರಲ್ಲಿ ದಟ್ಟ ಸಾಲು, ಒಂದರಲ್ಲಿ ನಾಲ್ಕೈದು ಇರುವೆ, ಉಳಿದದ್ದು ಖಾಲಿ. ಐದಕ್ಕೆ ಒಂದೂವರೆ, ಅಂದರೆ ಶೇ. 30. ಆ ಮರದಲ್ಲೂ ಗೂಡು ಇದೆ, ಆದರೆ ಕಾವಲು ಇಲ್ಲ. ಶೇ. 50 ಅನ್ನುವುದನ್ನು ಗೆರೆ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಕೆಳಗಿರುವ ಮರವನ್ನು ಚಗಳಿ ಇಲ್ಲದ ಮರ ಅಂತಲೇ ಲೆಕ್ಕ ಹಾಕಿ.

ಎಣಿಸುವ ಹೊತ್ತು ಮುಖ್ಯ. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಚಗಳಿ ಗೂಡು ಬಿಟ್ಟು ಹೊರಡುವುದೇ ತಡ. ಏಳು ಗಂಟೆಗೆ ಹೋಗಿ ನೋಡಿ ಇರುವೆಯೇ ಇಲ್ಲ ಅನ್ನಬೇಡಿ. ಬಿಸಿಲು ಬಂದು ಮರ ಬೆಚ್ಚಗಾದ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ ನೋಡಿ. ಎಲ್ಲ ಮರಗಳನ್ನೂ ಒಂದೇ ಹೊತ್ತಿನಲ್ಲಿ ನೋಡಿದರೆ ಹೋಲಿಕೆಗೆ ಅರ್ಥ ಇರುತ್ತದೆ. ಈ ಚಳಿಯ ವಿಷಯ ನಮ್ಮ ಸೀಮೆಯ ನಿಜವಾದ ಮಿತಿ ಕೂಡ. ಗೇರು ಹೂ ಬಿಡುವ ತಿಂಗಳುಗಳೂ ಟೀ ಸೊಳ್ಳೆ ಹೆಚ್ಚುವ ತಿಂಗಳುಗಳೂ ಇವೇ. ಕರಾವಳಿಯ ಬೆಚ್ಚಗಿನ ತೋಟದಲ್ಲಿ ಚಗಳಿ ಮಾಡುವಷ್ಟು ಕೆಲಸವನ್ನು ಆಲೂರು, ಸಕಲೇಶಪುರದ ಚಳಿ ದಿನಗಳಲ್ಲಿ ಅಷ್ಟೇ ಗ್ಯಾರಂಟಿಯಾಗಿ ನಿರೀಕ್ಷಿಸುವಂತಿಲ್ಲ.

ಈಗ ಕೆಲವು ಮರಗಳಲ್ಲಿ ಇರುವೆ ಯಾಕೆ ಕಡಿಮೆ ಅನ್ನುವ ಪ್ರಶ್ನೆ. ಒಂದು ಮರಕ್ಕೆ ಒಂದು ಗೂಡು, ಒಂದು ಸಂಸಾರ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಚಗಳಿಯ ಒಂದು ಸಂಸಾರ ಅಕ್ಕಪಕ್ಕದ ಹತ್ತಾರು ಮರಗಳಲ್ಲಿ ಹರಡಿರುತ್ತದೆ. ಹತ್ತಾರು ಗೂಡು, ಲಕ್ಷಗಟ್ಟಲೆ ಇರುವೆ. ಮೊಟ್ಟೆ ಇಡುವ ರಾಣಿ ಇರುವುದು ಆ ಎಲ್ಲ ಗೂಡುಗಳಲ್ಲಿ ಯಾವುದೋ ಒಂದರಲ್ಲಿ ಮಾತ್ರ. ಉಳಿದ ಗೂಡುಗಳಿಗೆ ಮೊಟ್ಟೆ, ಮರಿಗಳನ್ನು ಅಲ್ಲಿಂದ ಹೊತ್ತು ತರುತ್ತವೆ. ಎರಡು ಸಂಸಾರಗಳು ಎದುರುಬದುರಾದರೆ ಸಾಯುವ ತನಕ ಜಗಳ. ಗಡಿಯ ಮರಗಳಲ್ಲಿ ಅರ್ಧ ಇರುವೆಗಳು ಜಗಳದಲ್ಲೇ ಸಾಯುತ್ತವೆ, ಉಳಿದವು ಆ ಕೊಂಬೆಗಳಿಗೆ ಹೋಗುವುದನ್ನೇ ಬಿಡುತ್ತವೆ. ಗೂಡು ಇರುತ್ತದೆ, ಓಡಾಟ ಇರುವುದಿಲ್ಲ. ಚಿಗುರು ಸುಡುತ್ತದೆ.

ನಿಮ್ಮ ತೋಟದಲ್ಲಿ ಗಡಿ ಎಲ್ಲಿದೆ ಅಂತ ನೀವೇ ಪತ್ತೆ ಮಾಡಬಹುದು. ಒಂದು ಮರದ ಕೊಂಬೆಯ ಮೇಲೆ ಕಡ್ಡಿ ಇಟ್ಟು ಹತ್ತಿಪ್ಪತ್ತು ಇರುವೆ ಹತ್ತಿಸಿಕೊಳ್ಳಿ. ಪಕ್ಕದ ಮರದ ಸಾಲಿನ ಮೇಲೆ ಆ ಕಡ್ಡಿ ಇಡಿ. ಅವು ಮೀಸೆ ತಾಗಿಸಿ ಸುಮ್ನೆ ಬೆರೆತು ಹೋದರೆ ಎರಡೂ ಮರ ಒಂದೇ ಸಂಸಾರ. ಕ್ಷಣದಲ್ಲಿ ಕಾಲು ಹಿಡಿದು ನಾಲ್ಕೂ ಕಡೆ ಎಳೆಯಲು ಶುರು ಮಾಡಿದರೆ ಬೇರೆ ಸಂಸಾರ. ಮರದ ಕೆಳಗೆ ಒಂದನ್ನೊಂದು ಕಚ್ಚಿಕೊಂಡು ಸತ್ತ ಇರುವೆಗಳು ಬಿದ್ದಿದ್ದರೆ ಅದೂ ಗಡಿಯ ಗುರುತೇ. ನಲವತ್ತು ಮರ ಅಂದರೆ ಒಂದು ಬೆಳಗಿನ ಕೆಲಸ. ಕಾಗದದ ಮೇಲೆ ಮರಗಳ ನಕ್ಷೆ ಬರೆದು, ಒಂದೊಂದು ಸಂಸಾರಕ್ಕೆ ಒಂದೊಂದು ಬಣ್ಣ ಹಾಕಿ. ಆ ಸುಟ್ಟ ನಾಲ್ಕೈದು ಮರಗಳು ಎರಡು ಬಣ್ಣ ಕೂಡುವ ಜಾಗದಲ್ಲೇ ಇವೆಯಾ ನೋಡಿ. ಇದ್ದರೆ ಕಾರಣ ಸಿಕ್ಕಿತು.

ಪರಿಹಾರ ಕತ್ತಿ ಮತ್ತು ಹಗ್ಗದಲ್ಲಿದೆ. ಬೇರೆ ಬೇರೆ ಸಂಸಾರದ ಮರಗಳ ಕೊಂಬೆಗಳು ಎಲ್ಲಿ ತಾಗುತ್ತವೋ ಅಲ್ಲಿ ಸವರಿ ಅಂತರ ಮಾಡಿ. ನೆಲದಲ್ಲಿ ಎತ್ತರದ ಕಳೆ ಇದ್ದರೆ ಅದನ್ನೂ ಸವರಿ, ಅದೂ ಸೇತುವೆಯೇ. ಒಂದೇ ಸಂಸಾರದ ಮರಗಳ ನಡುವೆ ಹಗ್ಗ ಕಟ್ಟಿ. ತೆಂಗಿನ ನಾರಿನ ಹಗ್ಗ ಆಗಬಹುದು, ನೈಲಾನ್ ಹಗ್ಗ ಆಗಬಹುದು, ಉದ್ದದ ಬಿದಿರು ಗಳವಾದರೂ ಸರಿ. ನೆಲಕ್ಕೆ ಇಳಿದು ಹತ್ತುವ ಕಷ್ಟ ತಪ್ಪಿದರೆ ಇರುವೆಗಳು ಮರದಿಂದ ಮರಕ್ಕೆ ಬೇಗ ಹರಡುತ್ತವೆ. ಚಗಳಿ ಇಲ್ಲದ ಪಕ್ಕದ ಮರಗಳಿಗೂ ಇದೇ ದಾರಿ. ಹೊಸ ಗೂಡು ತಂದು ಕಟ್ಟುವುದಕ್ಕಿಂತ ಇರುವ ಸಂಸಾರವನ್ನು ಹಗ್ಗದ ಮೇಲೆ ಮುಂದಕ್ಕೆ ಕರೆದೊಯ್ಯುವುದು ನೂರು ಪಾಲು ಸುಲಭ. ಒಂದೇ ಷರತ್ತು, ಆ ಖಾಲಿ ಮರದಲ್ಲಿ ಬೇರೆ ಜಾತಿಯ ಇರುವೆ ಬೀಡುಬಿಟ್ಟಿರಬಾರದು. ಸಣ್ಣ ಕಪ್ಪು ಇರುವೆಗಳು ತೊಗಟೆಯ ಸಂದಿಯಲ್ಲಿ ನೆಲೆಯಾಗಿದ್ದರೆ ಚಗಳಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಈ ಕೆಲಸವನ್ನು ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಒಳಗೆ ಮುಗಿಸಿ. ಗೇರು ಚಿಗುರುವ ಮುಂಚೆ ಇರುವೆ ಹರಡಿರಬೇಕು. ಮಳೆಗಾಲದಲ್ಲಿ ಗೂಡು ಹರಿದು, ಬೇಟೆ ಸಿಗದೆ ಸಂಸಾರ ಸೊರಗಿರುತ್ತದೆ. ಆಗ ಸ್ವಲ್ಪ ಮೇವು ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತವೆ. ಸಕ್ಕರೆ ನೀರನ್ನು ಸಣ್ಣ ಬಾಟಲಿಯಲ್ಲಿ ಹತ್ತಿ ತುರುಕಿ ಕೊಂಬೆಗೆ ಕಟ್ಟಿ, ಜೊತೆಗೆ ಮೀನಿನ ತಲೆಯೋ ಕೋಳಿ ಅಂಗಡಿಯ ತ್ಯಾಜ್ಯದ ಚೂರೋ ಇಡಿ. ಎರಡು ಮೂರು ವಾರ ಸಾಕು. ಚಿಗುರು ಬಂದ ಮೇಲೆ ನಿಲ್ಲಿಸಿ. ಹೊಟ್ಟೆ ತುಂಬಿದ ಇರುವೆಗಿಂತ ಹಸಿದ ಇರುವೆ ಚೆನ್ನಾಗಿ ಬೇಟೆಯಾಡುತ್ತದೆ.

ನಿಮ್ಮ ತಮ್ಮ ತಂದ ಹನ್ನೆರಡು ಗೂಡುಗಳಿಗೆ ಏನಾಯಿತು ಅನ್ನುವುದು ಈಗ ಗೊತ್ತಾಯಿತಲ್ವಾ. ಆ ಗೂಡುಗಳಲ್ಲಿ ರಾಣಿ ಇರಲಿಲ್ಲ, ಇಲ್ಲವೇ ಅವು ಒಂದಕ್ಕಿಂತ ಜಾಸ್ತಿ ಸಂಸಾರದವು. ರಾಣಿ ಇಲ್ಲದ ಇರುವೆಗಳು ವಯಸ್ಸಾಗಿ ಒಂದೊಂದಾಗಿ ಸಾಯುತ್ತವೆ, ಹೊಸವು ಹುಟ್ಟುವುದಿಲ್ಲ. ಎರಡು ತಿಂಗಳು ಬದುಕಿದ್ದೇ ಹೆಚ್ಚು. ಬೇರೆ ಸಂಸಾರದ ಗೂಡುಗಳನ್ನು ಪಕ್ಕಪಕ್ಕ ಕಟ್ಟಿದ್ದರೆ ಮೊದಲ ವಾರದಲ್ಲೇ ಕಾದಾಡಿ ಮುಗಿದಿರುತ್ತವೆ. ಹೊರಗಿನಿಂದ ನೋಡಿ ಇದೇ ರಾಣಿ ಇರುವ ಗೂಡು ಅಂತ ಹೇಳಲು ಆಗುವುದಿಲ್ಲ. ತರಲೇಬೇಕು ಅಂದರೆ ಒಂದು ಇಡೀ ಸಂಸಾರವನ್ನು, ಅದರ ಎಲ್ಲ ಮರಗಳ ಎಲ್ಲ ಗೂಡುಗಳನ್ನೂ ಒಂದೇ ದಿನ ಬೆಳಗಿನ ಚಳಿಯಲ್ಲಿ, ಇರುವೆ ಹೊರಡುವ ಮುಂಚೆ ಕತ್ತರಿಸಿ ಚೀಲಕ್ಕೆ ತುಂಬಬೇಕು. ದೊಡ್ಡ ಸಂಸಾರವಾದರೆ ಆಗದ ಕೆಲಸ. ಹತ್ತು ಹನ್ನೆರಡು ಗೂಡುಗಳ ಚಿಕ್ಕ ಸಂಸಾರ, ಒಂಟಿ ಮರದಲ್ಲಿದ್ದರೆ ಪ್ರಯತ್ನಿಸಬಹುದು. ಮಳೆಗಾಲದ ಶುರುವಿನಲ್ಲಿ ರೆಕ್ಕೆ ಇರುವ ಹಸಿರು ಬಣ್ಣದ ದಪ್ಪ ರಾಣಿಗಳು ಹಾರಿ ಬಂದು ಎಲೆಯ ಮಡಿಕೆಯಲ್ಲಿ ಕೂರುತ್ತವೆ. ಅವು ಕಂಡರೆ ಕೊಲ್ಲಬೇಡಿ. ಆದರೆ ಒಬ್ಬ ಹೊಸ ರಾಣಿಯ ಸಂಸಾರ ತೋಟ ಕಾಯುವಷ್ಟು ಬೆಳೆಯಲು ಎರಡು ಮೂರು ವರ್ಷ ಬೇಕು.

ಇನ್ನು ಔಷಧಿ. ಗೇರಿಗೆ ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ ಹೀಗೆ ಮೂರು ಸಲ ಸಿಂಪಡಿಸುವುದು ರೂಢಿ. ಇದಕ್ಕೆ ಬಳಸುವ ಲ್ಯಾಂಬ್ಡಾ ಸೈಹಾಲೋಥ್ರಿನ್‌ನಂಥ ಔಷಧಿಗಳು ಟೀ ಸೊಳ್ಳೆಯನ್ನು ಕೊಲ್ಲುತ್ತವೆ, ಚಗಳಿಯನ್ನೂ ಕೊಲ್ಲುತ್ತವೆ. ಅತಿ ಕೆಟ್ಟ ದಾರಿ ಅಂದರೆ ಚಗಳಿ ಇದೆ ಅಂತ ಮೂರರ ಬದಲು ಒಂದೇ ಸಲ ಹೊಡೆಯುವುದು. ಚಿಗುರಿಗೆ ಹೊಡೆದ ಆ ಒಂದು ಸಲಕ್ಕೆ ಇರುವೆ ಹೋಗುತ್ತದೆ. ಹೂ ಬಿಡುವ ಹೊತ್ತಿಗೆ ಔಷಧಿಯ ಶಕ್ತಿಯೂ ಮುಗಿದಿರುತ್ತದೆ. ದಂಟಿನೊಳಗೆ ಇದ್ದ ಮೊಟ್ಟೆಗಳು ಒಡೆದು ಮರಿ ಬರುತ್ತವೆ, ಪಕ್ಕದ ತೋಟದಿಂದ ಹೊಸ ಹುಳುಗಳೂ ಹಾರಿ ಬರುತ್ತವೆ. ತಡೆಯಲು ಯಾರೂ ಇರುವುದಿಲ್ಲ. ಚಗಳಿ ಕೈಕೊಟ್ಟಿತು ಅಂತ ನನ್ನ ಹತ್ತಿರ ಬಂದ ಎಷ್ಟೋ ರೈತರ ಕಥೆ ಕೇಳಿದಾಗ ಒಳಗೆ ಇರುವುದು ಇದೇ.

ಹಾಗಾದರೆ ಮರ ನೋಡಿ ತೀರ್ಮಾನ ಮಾಡಿ. ನಲವತ್ತು ಮರಕ್ಕೂ ಅಂಕ ಹಾಕಿ. ಶೇ. 50ಕ್ಕಿಂತ ಮೇಲಿರುವ ಮರಗಳಿಗೆ ಔಷಧಿ ಮುಟ್ಟಿಸಬೇಡಿ. ಕೆಳಗಿರುವ ಮರಗಳಲ್ಲಿ ವಾರಕ್ಕೊಮ್ಮೆ ಸುತ್ತಲಿನಿಂದ ಹತ್ತು ಚಿಗುರು ನೋಡಿ. ಹತ್ತರಲ್ಲಿ ಎರಡರಲ್ಲಿ ಟೀ ಸೊಳ್ಳೆಯ ಹೊಸ ಕಲೆ ಕಂಡರೆ ಆ ಮರಕ್ಕೆ ಮಾತ್ರ, ಗಾಳಿ ಇಲ್ಲದ ಹೊತ್ತಿನಲ್ಲಿ, ಕೈ ಪಂಪಿನಿಂದ ಸಿಂಪಡಿಸಿ. ಹಳೆಯ ಒಣ ಕಪ್ಪು ಕಲೆ ಲೆಕ್ಕಕ್ಕಿಲ್ಲ, ನೆನೆದ ಹಾಗಿರುವ ತಾಜಾ ಕಲೆ ಮಾತ್ರ ಲೆಕ್ಕ. ಆ ಮರಕ್ಕೆ ಕಟ್ಟಿದ ಹಗ್ಗವನ್ನು ಸಿಂಪಡಿಸುವ ಮುಂಚೆ ಬಿಚ್ಚಿ, ಇಲ್ಲದಿದ್ದರೆ ಗಟ್ಟಿ ಮರದ ಇರುವೆಗಳು ಅಲ್ಲಿಗೆ ಹೋಗಿ ಸಾಯುತ್ತವೆ. ಯಾವ ಔಷಧಿ, ಎಷ್ಟು ಪ್ರಮಾಣ ಅನ್ನುವುದನ್ನು ಅಂಗಡಿಯಲ್ಲಿ ಕೇಳಬೇಡಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲೋ ಕೇಳಿ. ಶಿಫಾರಸುಗಳು ಆಗಾಗ ಬದಲಾಗುತ್ತವೆ.

ಗೇರನ್ನು ಕೊಲ್ಲುವ ಇನ್ನೊಂದು ಹುಳುವಿನ ವಿಷಯದಲ್ಲಿ ಚಗಳಿಯಿಂದ ಏನೂ ಆಗುವುದಿಲ್ಲ. ಕಾಂಡ ಮತ್ತು ಬೇರು ಕೊರೆಯುವ ಹುಳು. ಅದರ ಮರಿ ತೊಗಟೆಯ ಒಳಗೆ ಇರುತ್ತದೆ, ಇರುವೆ ಹೊರಗೆ. ಮರದ ತುಂಬ ಚಗಳಿ ಇದ್ದೂ ಮರ ಹಳದಿಯಾಗಿ ಸತ್ತದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇರುವೆ ಇದೆ ಅಂತ ಜನ ಬುಡ ನೋಡುವುದನ್ನೇ ಬಿಟ್ಟಿರುತ್ತಾರೆ, ಅದೇ ಬೇಜಾರು. ತಿಂಗಳಿಗೊಮ್ಮೆ ಬುಡದ ಮಣ್ಣು ಸರಿಸಿ ನೋಡಿ. ಅಂಟು ಒಸರಿದ್ದರೆ, ಮರದ ಪುಡಿಯಂಥ ಹಿಕ್ಕೆ ಹೊರಬಿದ್ದಿದ್ದರೆ, ಉಳಿಯಿಂದ ಆ ಜಾಗದ ತೊಗಟೆ ಕೆತ್ತಿ ಮರಿಯನ್ನು ತೆಗೆದು ಕೊಲ್ಲಿ. ಆಮೇಲೆ ಲೀಟರ್ ನೀರಿಗೆ 50 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ಜೊತೆ ಬೆರೆಸಿ ಕಾಂಡದ ಬುಡಕ್ಕೆ, ಸುಮಾರು ಒಂದು ಮೀಟರ್ ಎತ್ತರದ ತನಕ ಬಳಿಯಿರಿ. ಒಂದೆರಡು ದಿನ ಇರುವೆಗಳು ಆ ಕಾಂಡದಲ್ಲಿ ಇಳಿಯುವುದಿಲ್ಲ. ಮೇಲೆ ಹಗ್ಗ ಇದ್ದರೆ ಅವುಗಳ ದಾರಿಗೇನೂ ತೊಂದರೆ ಇಲ್ಲ.

ಈಗ ಪಕ್ಕದ ತೋಟದವರ ಮಾತು. ಅವರು ಹೇಳಿದ್ದರಲ್ಲಿ ಒಂದು ಅರ್ಧ ನಿಜ, ಒಂದು ನಿಜವಲ್ಲ. ಹಿಟ್ಟು ತಿಗಣೆಯನ್ನು ಚಗಳಿ ಹುಟ್ಟಿಸುವುದಿಲ್ಲ, ಆದರೆ ಸಾಕುತ್ತದೆ. ಹಿಟ್ಟು ತಿಗಣೆ, ಹಸಿರು ತಿಗಣೆ ಇವೆಲ್ಲ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಬಿಡುತ್ತವೆ. ಆ ಸಿಹಿಗಾಗಿ ಇರುವೆ ಅವುಗಳನ್ನು ಕಾಯುತ್ತದೆ, ಅವನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತದೆ. ಅವರದ್ದು ಕಾಫಿ ತೋಟವಾದರೆ ಅವರ ಸಿಟ್ಟು ನ್ಯಾಯವಾದದ್ದೇ. ಕಾಫಿಯಲ್ಲಿ ಹಸಿರು ತಿಗಣೆ ಹೆಚ್ಚಿದರೆ ಎಲೆಯೆಲ್ಲ ಕಪ್ಪು ಬೂಷ್ಟು ಹಿಡಿಯುತ್ತದೆ, ಹಣ್ಣು ಕೊಯ್ಯುವವರ ಮುಖದ ಎತ್ತರಕ್ಕೇ ಗೂಡು ಇರುತ್ತದೆ. ನಿಮ್ಮ ರೋಬಸ್ಟಾದಲ್ಲಿ ಕಾಣುವ ಗೂಡುಗಳನ್ನು ಬೆಳಗಿನ ಚಳಿಯಲ್ಲಿ ಕತ್ತರಿಸಿ ಸೋಪಿನ ನೀರಿನ ಬಕೆಟ್‌ಗೆ ಹಾಕಿ. ಚಟ್ನಿ ಮಾಡುವವರಿದ್ದರೆ ಅವರಿಗೆ ಕೊಡಿ. ಔಷಧಿ ಹೊಡೆದ ತೋಟದ ಗೂಡು ಮಾತ್ರ ಚಟ್ನಿಗೆ ಬೇಡ. ಗೇರು ಮತ್ತು ಕಾಫಿ ನಡುವೆ ಕೊಂಬೆ ತಾಗದ ಹಾಗೆ ಸವರಿ. ಇರುವೆ ನೆಲದ ಮೇಲೂ ನಡೆಯುತ್ತದೆ, ಹಾಗಾಗಿ ಪೂರ್ತಿ ತಡೆಯಲಾಗದು. ಆದರೆ ಬರುವುದು ಗಮನಾರ್ಹವಾಗಿ ಕಡಿಮೆಯಾಗುತ್ತದೆ.

ಹೂವು ಉದುರುವ ಮಾತಿಗೆ ಬರೋಣ. ಇರುವೆ ಹೂವನ್ನು ಕಡಿಯುವುದಿಲ್ಲ, ಕಾಯಿಯನ್ನೂ ತಿನ್ನುವುದಿಲ್ಲ. ಹೂವಿಗೆ ಬರುವ ಜೇನು, ನೊಣಗಳಿಗೆ ಕಾಟ ಕೊಡುವುದು ಮಾತ್ರ ಉಂಟು. ಕೆಲವು ಹಣ್ಣಿನ ಬೆಳೆಗಳಲ್ಲಿ ಇದರಿಂದ ಹೂವಿಗೆ ಬರುವ ಕೀಟಗಳು ಕಡಿಮೆಯಾದದ್ದು ದಾಖಲಾಗಿದೆ. ಗೇರಿನಲ್ಲಿ ಟೀ ಸೊಳ್ಳೆ ತಪ್ಪಿದ ಲಾಭ ಆ ನಷ್ಟಕ್ಕಿಂತ ಬಹಳ ದೊಡ್ಡದು. ಚಗಳಿ ಇರುವ ಮರಗಳೇ ಚೆನ್ನಾಗಿ ಕಾಯಿ ಬಿಡುತ್ತವೆ ಅಂತ ನೀವೇ ನೋಡಿದ್ದೀರಿ. ಅನುಮಾನ ಇದ್ದರೆ ಗಟ್ಟಿ ಮರದ ಹತ್ತು ಹೂಗೊಂಚಲಿಗೆ, ಚಗಳಿ ಇಲ್ಲದೆ ಔಷಧಿ ಹೊಡೆದ ಮರದ ಹತ್ತಕ್ಕೆ ಬಣ್ಣದ ದಾರ ಕಟ್ಟಿ. ಕಾಯಿ ಬಲಿತಾಗ ಎರಡೂ ಕಡೆ ಎಣಿಸಿ.

ಮಾವಿನ ಲೆಕ್ಕವೇ ಬೇರೆ. ಗೇರಿನ ಹಾಗೆ ಎಲೆಯಲ್ಲಿ ಸಿಹಿ ಒಸರುವ ವ್ಯವಸ್ಥೆ ಮಾವು ಇರುವೆಗೆ ಇಟ್ಟಿಲ್ಲ. ಹಾಗಾಗಿ ಮಾವಿನಲ್ಲಿ ನೆಲೆಸುವ ಚಗಳಿ ತನ್ನ ಸಿಹಿಗೆ ಹೆಚ್ಚಾಗಿ ತಿಗಣೆಗಳನ್ನೇ ನಂಬಿಕೊಂಡಿರುತ್ತದೆ. ಮಾವಿನಲ್ಲಿ ಚಗಳಿ ಜಾಸ್ತಿ ಆದಲ್ಲಿ ಎಲೆಯ ಅಡಿ, ಕಾಯಿಯ ತೊಟ್ಟು, ಎರಡು ಕಾಯಿ ಒಂದಕ್ಕೊಂದು ತಾಗುವ ಜಾಗ, ಇಲ್ಲೆಲ್ಲ ಹಿಟ್ಟು ತಿಗಣೆ ಕಾಣಿಸಿಕೊಳ್ಳುತ್ತದೆ. ಹಣ್ಣಿನ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಇರುವೆಗಳು ಜಗಳಕ್ಕೆ ಬಿದ್ದಾಗ, ನಾವು ಗೂಡಿಗೆ ಕೈಹಾಕಿದಾಗ ಚಿಮ್ಮಿಸುವ ಆಮ್ಲ ಬಿದ್ದ ಕಡೆ ಕಾಯಿಯ ಸಿಪ್ಪೆಯ ಮೇಲೆ ಸಣ್ಣ ಸಣ್ಣ ಚುಕ್ಕೆ ಉಳಿಯುತ್ತದೆ. ಒಳಗಿನ ತಿರುಳಿಗೆ ಏನೂ ಆಗುವುದಿಲ್ಲ. ಗೇರು ಬೀಜಕ್ಕೆ ಇದು ಯಾವುದೂ ಲೆಕ್ಕಕ್ಕಿಲ್ಲ, ಸಿಪ್ಪೆ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಬಾದಾಮಿ ಮಾವಿಗೆ ವ್ಯಾಪಾರಿ ಬೆಲೆ ಕಟ್ಟುವುದೇ ಸಿಪ್ಪೆ ನೋಡಿ.

ಲಾಭವೇ ಇಲ್ಲ ಅಂತಲ್ಲ. ಜಿಗಿಹುಳುವನ್ನು ಚಗಳಿ ಹಿಡಿಯುತ್ತದೆ. ಹಣ್ಣು ನೊಣದ ವಿಷಯದಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಮಾವಿನ ತೋಪುಗಳಲ್ಲಿ ಚಗಳಿಯ ಹತ್ತಿರದ ಸಂಬಂಧಿ ಇರುವೆಯಿಂದ ಒಳ್ಳೆಯ ಫಲ ಸಿಕ್ಕಿದೆ. ಇರುವೆ ಓಡಾಡಿದ ಕಾಯಿಯ ಮೇಲೆ ಉಳಿಯುವ ವಾಸನೆಗೇ ನೊಣ ಮೊಟ್ಟೆ ಇಡಲು ಹಿಂಜರಿಯುತ್ತದೆ. ಆದರೆ ಅದಕ್ಕೂ ಮರದಲ್ಲಿ ಇರುವೆ ದಟ್ಟವಾಗಿರಬೇಕು, ಕಾಯಿ ಕಾಯಿಯ ಮೇಲೂ ಓಡಾಡಬೇಕು. ಹೂವಿನ ಬೂದಿ ರೋಗಕ್ಕೆ, ಚಿಬ್ಬು ರೋಗಕ್ಕೆ ಇರುವೆ ಏನೂ ಮಾಡದು. ಅದಕ್ಕೆ ಸಿಂಪರಣೆ ಬೇಕೇ ಬೇಕು. ನೀರಲ್ಲಿ ಕರಗುವ ಗಂಧಕವನ್ನು ಬೂದಿ ರೋಗಕ್ಕೆ ಹೊಡೆದರೆ ಕೀಟನಾಶಕದಷ್ಟು ಇರುವೆ ಸಾಯುವುದಿಲ್ಲ. ಬಿರುಬಿಸಿಲಿನಲ್ಲಿ ಮಾತ್ರ ಹೊಡೆಯಬೇಡಿ, ಹೂವು ಸುಡುತ್ತದೆ.

ಅದಕ್ಕೆ ಮಾವಿಗೆ ಚಗಳಿ ತರುವ ಶ್ರಮ ನಿಮಗೆ ಬೇಡ ಅಂತ ನನ್ನ ಅಭಿಪ್ರಾಯ. ತಾನಾಗಿ ಬಂದು ಮನೆ ಖರ್ಚಿನ ಮರದಲ್ಲಿ ಇದ್ದರೆ ಇರಲಿ. ಮಾರುವ ಬಾದಾಮಿ ಮರಗಳಿಗೆ ಗೇರಿನಿಂದ ಹಗ್ಗ ಕಟ್ಟಬೇಡಿ. ಹಣ್ಣು ನೊಣಕ್ಕೆ ಮೀಥೈಲ್ ಯೂಜಿನಾಲ್ ಬಲೆಯನ್ನು ಎಕರೆಗೆ ನಾಲ್ಕರಿಂದ ಆರರಂತೆ, ಕಾಯಿ ಬಲಿಯುವ ಮುಂಚೆಯೇ ತೂಗುಹಾಕಿ. ಉದುರಿದ ಹಣ್ಣನ್ನು ದಿನವೂ ಆರಿಸಿ ಆಳವಾಗಿ ಹೂತು ಹಾಕಿ. ಇದರಿಂದ ಬರುವ ಫಲ ಚಗಳಿಗಿಂತ ಗ್ಯಾರಂಟಿ. ಮಾವಿನಲ್ಲಿ ಈಗಾಗಲೇ ಚಗಳಿ, ಹಿಟ್ಟು ತಿಗಣೆ ಎರಡೂ ಇದ್ದರೆ ಇಡೀ ಮರಕ್ಕೆ ಔಷಧಿ ಹೊಡೆಯುವ ಮುಂಚೆ ತಿಗಣೆ ಮೆತ್ತಿದ ಗೂಡುಗಳನ್ನು, ಒಳಗಿನ ಒತ್ತು ಕೊಂಬೆಗಳನ್ನು ಕತ್ತರಿಸಿ ತೆಗೆಯಿರಿ. ಉಳಿದ ಜಾಗಕ್ಕೆ ಸೋಪಿನ ನೀರನ್ನು ಜೋರಾಗಿ ಚಿಮ್ಮಿಸಿ.

ಕೊನೆಗೆ ಕೊಯ್ಲು. ಗೇರಿನಲ್ಲಿ ಇದು ಸಮಸ್ಯೆಯೇ ಆಗಬಾರದು. ಬೀಜ ಹಣ್ಣಿನ ಸಮೇತ ತಾನಾಗಿ ಬಿದ್ದ ಮೇಲೆ ನೆಲದಿಂದ ಆರಿಸುವುದೇ ಸರಿಯಾದ ಕ್ರಮ. ಮರ ಹತ್ತಿ ಕಿತ್ತರೆ ಬಲಿಯದ ಬೀಜವೂ ಬರುತ್ತದೆ, ಬೆಲೆಯೂ ಇಳಿಯುತ್ತದೆ. ಬುಡದ ಸುತ್ತ ಕಳೆ ಸವರಿ ಚೊಕ್ಕ ಮಾಡಿಟ್ಟರೆ ಆರಿಸುವವರಿಗೆ ಇರುವೆಯ ಕಾಟ ಅಷ್ಟಾಗಿ ಇರುವುದಿಲ್ಲ. ಮಾವನ್ನು ನೆಲದಲ್ಲಿ ನಿಂತು ಬಲೆ ಕಟ್ಟಿದ ದೋಟಿಯಿಂದ ಕೊಯ್ಯಿಸಿ. ಹತ್ತಲೇಬೇಕಾದ ಮರಕ್ಕೆ ಮೊದಲು ಬರೀ ನೀರನ್ನು ಪಂಪಿನಿಂದ ಸಿಂಪಡಿಸಿದರೆ ಬಹಳಷ್ಟು ಇರುವೆ ಗೂಡಿಗೆ ಸರಿಯುತ್ತವೆ. ತುಂಬುತೋಳಿನ ಅಂಗಿ ಹಾಕಿಸಿ, ಕೈಕಾಲಿಗೆ ಒಲೆಯ ಬೂದಿ ಬಳಿದುಕೊಂಡರೆ ಇರುವೆಗೆ ಹಿಡಿತ ಸಿಗುವುದಿಲ್ಲ. ಮೇಲೆ ನೋಡಿಕೊಂಡು ಗೂಡನ್ನು ದೋಟಿಯಿಂದ ಅಲುಗಾಡಿಸಬೇಡಿ ಅಂತ ಎಲ್ಲರಿಗೂ ಹೇಳಿ. ಕಣ್ಣಿಗೆ ಆಮ್ಲ ಬಿದ್ದರೆ ಉಜ್ಜದೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಉರಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಕಡಿತಕ್ಕೆ ಮೈಯೆಲ್ಲ ದದ್ದು ಏಳುವವರು, ಉಸಿರು ಕಟ್ಟುವವರು ಕೆಲವರು ಇರುತ್ತಾರೆ. ಅಂಥವರನ್ನು ಗೇರಿನ ಕಡೆ ಕಳಿಸಬೇಡಿ, ಕಾಫಿ ಒಣಗಿಸುವ ಕಣದಲ್ಲೋ ಬೇರೆಲ್ಲೋ ಕೆಲಸ ಕೊಡಿ.